ಒಂದೇ ಕಿಡ್ನಿಯ ಮಗಳು, ಕಬಡ್ಡಿ ತಂಡ ಮತ್ತು ಈ ವರ್ಷದ ತಪಾಸಣೆ

ನನ್ನ ಮಗಳಿಗೆ ಹುಟ್ಟಿನಿಂದಲೇ ಇರುವುದು ಒಂದು ಕಿಡ್ನಿ, ಬಲಗಡೆಯದು. ಎಡಗಡೆಯದು ಗರ್ಭದಲ್ಲೇ ಬೆಳೆಯಲಿಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಅನುಮಾನ ಬಂದಿತ್ತು, ಹುಟ್ಟಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ಹೌದು ಅಂದರು. ಕೂಸಿಗೆ ಕೆಲವು ತಿಂಗಳಾದಾಗ ಮಂಗಳೂರಿಗೆ ಕರೆದೊಯ್ದು ಡಿಎಂಎಸ್‌ಎ ಅನ್ನುವ ಸ್ಕ್ಯಾನ್ ಮಾಡಿಸಿದೆವು. ನರಕ್ಕೆ ಸ್ವಲ್ಪ ವಿಕಿರಣದ ಔಷಧ ಕೊಟ್ಟು, ಕೆಲಸ ಮಾಡುವ ಕಿಡ್ನಿ ದೇಹದಲ್ಲಿ ಎಲ್ಲೆಲ್ಲಿದೆ ಎಂದು ಅದರಲ್ಲಿ ನೋಡುತ್ತಾರೆ. ಕಾಣದ ಕಿಡ್ನಿ ಒಮ್ಮೊಮ್ಮೆ ಸೊಂಟದ ಗೂಡಿನಲ್ಲಿ ಕೆಳಗೆಲ್ಲೋ ಇರುವುದುಂಟಂತೆ. ನಮ್ಮವಳಿಗೆ ಅದೂ ಇರಲಿಲ್ಲ. ಸಾವಿರದಿಂದ ಎರಡು ಸಾವಿರ ಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ, ಎಷ್ಟೋ ಜನರಿಗೆ ದೊಡ್ಡವರಾಗಿ ಇನ್ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗಲೇ ಗೊತ್ತಾಗುವುದು ಎಂದು ಆಗಲೇ ಹೇಳಿದ್ದರು.

ಹಾಗಾಗಿ ವರ್ಷಕ್ಕೊಂದು ತಪಾಸಣೆ ನಮಗೆ ರೂಢಿಯಾಗಿಬಿಟ್ಟಿತ್ತು. ಚಿಕ್ಕಮಗಳೂರಿಗೆ ಹೋಗುವುದು, ಬಿಪಿ, ಮೂತ್ರ, ರಕ್ತ, ಕೆಲವು ವರ್ಷ ಸ್ಕ್ಯಾನ್, ಎಲ್ಲ ಸರಿ ಇದೆ ಎಂದು ಕೇಳಿಸಿಕೊಂಡು ಆಲ್ದೂರಿನ ಬಸ್ಸು ಹಿಡಿದು ವಾಪಸ್ಸು ಬರುವುದು. ಈ ವರ್ಷ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಅವಳಿಗೆ ಹದಿಮೂರು ತುಂಬಿತು, ಹೈಸ್ಕೂಲು ಸೇರಿದಳು, ಕಬಡ್ಡಿ ತಂಡಕ್ಕೆ ಆಯ್ಕೆಯಾದಳು. ಒಂದೇ ಕಿಡ್ನಿ ಎಂದು ನಾನು ಮೊದಲೇ ತಿಳಿಸಿದ್ದರಿಂದ, ಡಾಕ್ಟರ ಪತ್ರವಿಲ್ಲದೆ ಅಂಗಳಕ್ಕೆ ಇಳಿಸುವುದಿಲ್ಲ ಎಂದರು ಪಿಟಿ ಮೇಷ್ಟ್ರು. ಅದೇ ವಾರದ ತಪಾಸಣೆಯಲ್ಲಿ ಬಿಪಿ 134/84 ಬಂತು, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೆಚ್ಚಿದೆ ಎಂದು ರಿಪೋರ್ಟ್ ಬಂತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಈ ಎರಡು ಸಂಖ್ಯೆಗಳ ಬೆನ್ನು ಹತ್ತಿ ಹೋದಾಗ ತಿಳಿದ ವಿಷಯ, ಇದೇ ಸ್ಥಿತಿಯ ಮಕ್ಕಳಿರುವ ಮನೆಯವರಿಗೆ ಬೇಕಾಗಬಹುದು ಎಂದು ಬರೆಯುತ್ತಿದ್ದೇನೆ.

ಮೊದಲು, ವರ್ಷವರ್ಷವೂ ಇದನ್ನೇ ಯಾಕೆ ನೋಡುತ್ತಾರೆ ಅನ್ನುವುದು. ಮಕ್ಕಳ ಕಿಡ್ನಿ ನೋಡುವ ಮೇಡಂ ಸ್ಕ್ಯಾನ್ ತೋರಿಸಿ ಹೇಳಿದರು: "ನೋಡಿ ಅಮ್ಮ, ಇವಳ ಕಿಡ್ನಿ 11.6 ಸೆಂಟಿಮೀಟರ್ ಉದ್ದ ಇದೆ. ಈ ವಯಸ್ಸಿಗೆ ಇದು ದೊಡ್ಡದು. ದೊಡ್ಡದಾಗಿರುವುದು ಒಳ್ಳೆಯದೇ. ಮಗು ತಾಯಿಯ ಹೊಟ್ಟೆಯೊಳಗಿದ್ದಾಗಲೇ ಒಂಟಿ ಕಿಡ್ನಿ ಹೆಚ್ಚು ಬೆಳೆಯಲು ಶುರು ಮಾಡುತ್ತದೆ. ಸಾಮಾನ್ಯ ಅಳತೆಯಲ್ಲೇ ಉಳಿದಿದ್ದರೆ ನನಗೆ ಚಿಂತೆಯಾಗುತ್ತಿತ್ತು."

ಇಬ್ಬರು ಹೊರುವ ಮೂಟೆಯನ್ನು ಒಬ್ಬನೇ ಹೊತ್ತ ಹಾಗೆ ಅದರ ಕೆಲಸ. ಒಳಗಿನ ಒಂದೊಂದು ಸೋಸುವ ಗಂಟೂ ತನ್ನ ಪಾಲಿಗಿಂತ ಹೆಚ್ಚು ರಕ್ತವನ್ನು ಹೆಚ್ಚು ಒತ್ತಡದಲ್ಲಿ ಸೋಸುತ್ತದೆ. ಬಹಳ ಮಂದಿಗೆ ಇದು ಜೀವನಪೂರ್ತಿ ತೊಂದರೆಯಿಲ್ಲದೆ ನಡೆಯುತ್ತದೆ. ಕೆಲವರಲ್ಲಿ ವರ್ಷಗಳು ಕಳೆದಂತೆ ಆ ಗಂಟುಗಳು ದಣಿಯುತ್ತವೆ. ದಣಿದಾಗ ಮೊದಲು ಮೂತ್ರಕ್ಕೆ ಆಲ್ಬುಮಿನ್ ಸೋರುತ್ತದೆ, ಬಿಪಿ ಏರುತ್ತದೆ. ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುವ ಹೊತ್ತಿಗೆ ತುಂಬ ತಡವಾಗಿರುತ್ತದೆ. ಮಗುವಿಗೆ ನೋವಿರುವುದಿಲ್ಲ, ಊತವಿರುವುದಿಲ್ಲ, ಆಟ ಪಾಠ ಎಲ್ಲ ಚೆನ್ನಾಗಿಯೇ ನಡೆದಿರುತ್ತದೆ. ಹಾಗಾಗಿ ಪರೀಕ್ಷೆಯೊಂದೇ ದಾರಿ.

ಇನ್ನು ಆ 134/84. ಹದಿಮೂರು ತುಂಬುವವರೆಗೆ ಮಕ್ಕಳ ಬಿಪಿಯನ್ನು ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನುವುದನ್ನೆಲ್ಲ ನೋಡಿ ಪಟ್ಟಿಯೊಂದಕ್ಕೆ ಹೋಲಿಸುತ್ತಾರೆ. ಹದಿಮೂರರ ನಂತರ ಲೆಕ್ಕ ಸುಲಭ. 120/80ಕ್ಕಿಂತ ಕಡಿಮೆ ಇದ್ದರೆ ಸರಿ. ಮೇಲಿನದು 120ರಿಂದ 129, ಕೆಳಗಿನದು 80ರ ಒಳಗೆ ಇದ್ದರೆ ಕಣ್ಣಿಡಬೇಕು. 130/80 ಮುಟ್ಟಿದರೆ, ಅದು ಬೇರೆ ಬೇರೆ ದಿನ ಮತ್ತೆ ಮತ್ತೆ ಬಂದರೆ, ಅಧಿಕ ರಕ್ತದೊತ್ತಡ. ಅಂದರೆ ನಮ್ಮ 134/84 ಕೆಂಪು ಗೆರೆ ದಾಟಿತ್ತು.

ಮೇಡಂ ಅದನ್ನು ನಂಬುವ ಮೊದಲು ಅಳೆದದ್ದು ಹೇಗೆ ಎಂದು ಕೇಳಿದರು. ಮೆಟ್ಟಿಲು ಹತ್ತಿ ಬಂದ ಕೂಡಲೇ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಾಲು ಜೋತುಬಿದ್ದಿದ್ದಾಗ, ಮಾತಾಡಿಸುತ್ತಲೇ ಅಳೆದಿದ್ದರು. ಅದಕ್ಕಿಂತ ದೊಡ್ಡ ವಿಷಯ ತೋಳಿಗೆ ಸುತ್ತಿದ ಪಟ್ಟಿಯದು. ಮಕ್ಕಳ ವಿಭಾಗವಾದ್ದರಿಂದ ಚಿಕ್ಕ ಮಕ್ಕಳ ಪಟ್ಟಿಯನ್ನೇ ಸುತ್ತಿದ್ದರು. ಮಗಳ ತೋಳಿನ ಸುತ್ತಳತೆ 26 ಸೆಂಟಿಮೀಟರ್. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟಾದರೂ ಉದ್ದ, ಶೇ 40ರಷ್ಟಾದರೂ ಅಗಲ ಇರಬೇಕು. ಅಂದರೆ ಇವಳಿಗೆ ಸುಮಾರು 21 ಸೆಂಟಿಮೀಟರ್ ಉದ್ದ, ಹತ್ತೂವರೆ ಅಗಲ ಬೇಕು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಮೂತ್ರ ಮಾಡಿ ಬರಲು ಹೇಳಿ, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ ಕೂರಿಸಿ, ಐದು ನಿಮಿಷ ಮಾತಾಡಿಸದೆ ಬಿಟ್ಟರು. ಬಲತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕಿಟ್ಟು, ಸರಿಯಾದ ಪಟ್ಟಿ ಸುತ್ತಿ, ಸ್ಟೆತಾಸ್ಕೋಪ್ ಇಟ್ಟು ಮೂರು ಸಲ ಅಳೆದರು. 124/78, 122/76, 120/76. ಸರಾಸರಿ 122/77. ಕೆಂಪಿನಿಂದ ಹಳದಿಗೆ ಇಳಿಯಿತು, ಆದರೆ ಹಸಿರಿಗೆ ಬರಲಿಲ್ಲ.

ಎರಡು ಕಿಡ್ನಿಯಿರುವ ಮಗುವಾಗಿದ್ದರೆ ಆರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಿದ್ದರಂತೆ. ಒಂಟಿ ಕಿಡ್ನಿಯಾದ್ದರಿಂದ ಇಪ್ಪತ್ನಾಲ್ಕು ಗಂಟೆಯ ಬಿಪಿ ಅಳೆಯುವ ಯಂತ್ರ ಕಟ್ಟಿಸಿ ಅಂದರು. ಆಸ್ಪತ್ರೆಯಲ್ಲಿ ಭಯಕ್ಕೆ ಏರಿ ಮನೆಯಲ್ಲಿ ಸರಿಯಿರುವ ಬಿಪಿ ಒಂದು ಬಗೆ. ಆಸ್ಪತ್ರೆಯಲ್ಲಿ ಸರಿಯಿದ್ದು ರಾತ್ರಿ ನಿದ್ದೆಯಲ್ಲಿ ಇಳಿಯದೇ ಇರುವ ಬಿಪಿ ಇನ್ನೊಂದು ಬಗೆ. ಎರಡನೆಯದು ಕಿಡ್ನಿಗೆ ಹೆಚ್ಚು ಕೆಡುಕು, ಅದು ಆಸ್ಪತ್ರೆಯ ಕುರ್ಚಿಯಲ್ಲಿ ಸಿಕ್ಕಿಬೀಳುವುದೂ ಇಲ್ಲ.

ಆ ಯಂತ್ರವನ್ನು ಮಂಗಳೂರಿನಲ್ಲಿ ಕಟ್ಟಿಸಿದೆವು. ಬಸ್ಸಿನ ಕುಲುಕಾಟದಲ್ಲಿ ಅಳತೆ ಕೆಡುತ್ತದೆ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಂತೂ ಕೇಳುವುದೇ ಬೇಡ. ಅದಕ್ಕೇ ಆ ದಿನ ನನ್ನ ತಂಗಿಯ ಮನೆಯಲ್ಲೇ ಉಳಿದೆವು. ಸೊಂಟಕ್ಕೆ ಚಿಕ್ಕ ಪೆಟ್ಟಿಗೆ, ತೋಳಿಗೆ ಪಟ್ಟಿ. ಹಗಲು ಇಪ್ಪತ್ತು ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೊಮ್ಮೆ ತಾನೇ ಗಾಳಿ ತುಂಬಿಕೊಂಡು ಅಳೆಯುತ್ತದೆ. ತುಂಬುವಾಗ ಕೈ ಅಲ್ಲಾಡಿಸದೆ ಇಳಿಬಿಟ್ಟು ನಿಲ್ಲಬೇಕು. ಮಲಗಿದ್ದು, ಎದ್ದದ್ದು, ತಿಂದದ್ದು ಎಲ್ಲದರ ಗಂಟೆ ಬರೆದಿಡಬೇಕು. ಮಲಗಿದ ಹೊತ್ತನ್ನು ಊಹೆಯಲ್ಲಿ ಬರೆದರೆ ರಾತ್ರಿಯ ಲೆಕ್ಕವೇ ಹೆಚ್ಚುಕಡಿಮೆಯಾಗುತ್ತದೆ. ಹಗಲಿನ ಸರಾಸರಿ 116/70 ಬಂತು, ರಾತ್ರಿಯದು 102/58. ಈ ವಯಸ್ಸಿಗೆ ಹಗಲು 130/80, ರಾತ್ರಿ 110/65ರ ಒಳಗಿರಬೇಕು. ನಿದ್ದೆಯಲ್ಲಿ ಶೇ 10ರಷ್ಟಾದರೂ ಇಳಿಯಬೇಕು, ಇವಳದು ಶೇ 12ರಷ್ಟು ಇಳಿದಿತ್ತು. ಮಾತ್ರೆ ಬೇಡ ಎಂದು ತೀರ್ಮಾನವಾಯಿತು.

ಆಲ್ಬುಮಿನ್ ವಿಷಯ ಇದಕ್ಕಿಂತ ಸರಳ. ಮೂತ್ರದಲ್ಲಿ ಆಲ್ಬುಮಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು ಎಂದು ಎರಡನ್ನೂ ಅಳೆದು ಭಾಗಿಸುತ್ತಾರೆ. ಒಂದು ಗ್ರಾಮಿಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. ಇವಳದು 68. ಆದರೆ ಆ ಮೂತ್ರ ಕೊಟ್ಟದ್ದು ಮಧ್ಯಾಹ್ನ, ಬೆಳಗ್ಗೆಯೆಲ್ಲ ಕಬಡ್ಡಿ ಅಭ್ಯಾಸ ಮಾಡಿ ಬಂದ ಮೇಲೆ. ಜೋರಾಗಿ ಆಡಿದರೆ, ಜ್ವರ ಬಂದರೆ, ಆಲ್ಬುಮಿನ್ ತಾತ್ಕಾಲಿಕವಾಗಿ ಹೆಚ್ಚುತ್ತದೆ. ಬೆಳೆಯುವ ಕೆಲವು ಮಕ್ಕಳಲ್ಲಿ ನಿಂತು ಓಡಾಡುವಾಗ ಮಾತ್ರ ಸೋರಿ, ಮಲಗಿದಾಗ ನಿಲ್ಲುತ್ತದೆ, ಅದು ರೋಗವಲ್ಲ. ಮುಟ್ಟಿನ ದಿನಗಳಲ್ಲಿ ಕೊಟ್ಟ ಮೂತ್ರವೂ ದಾರಿ ತಪ್ಪಿಸುತ್ತದೆ. ಹಾಗಾಗಿ ಹಿಂದಿನ ದಿನ ಆಟ ನಿಲ್ಲಿಸಿ, ಮಲಗುವ ಮೊದಲು ಮೂತ್ರ ಮಾಡಿಸಿ, ಬೆಳಗ್ಗೆ ಎದ್ದ ತಕ್ಷಣದ ಮೊದಲ ಮೂತ್ರವನ್ನು ಶೀಶೆಯಲ್ಲಿ ಹಿಡಿದು ಕೊಟ್ಟೆವು. 14 ಬಂತು. ಬೆಳಗಿನ ಮೂತ್ರದಲ್ಲೂ 30 ದಾಟಿದ್ದು ತಿಂಗಳುಗಳವರೆಗೆ ಹಾಗೇ ಉಳಿದಿದ್ದರೆ, ಆಗ ಕಿಡ್ನಿಯೊಳಗಿನ ಒತ್ತಡ ತಗ್ಗಿಸುವ ಮಾತ್ರೆಯ ಮಾತು ಬರುತ್ತಿತ್ತು.

ನನ್ನ ನಿದ್ದೆ ಕೆಡಿಸಿದ್ದು ಈ ಎರಡು ಸಂಖ್ಯೆಗಳಾದರೂ, ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮೂರನೆಯದರ ಬಗ್ಗೆ ಎಂದು ಈಗ ಅನಿಸುತ್ತದೆ. ರಕ್ತದ ಕ್ರಿಯಾಟಿನಿನ್ ಡೆಸಿಲೀಟರಿಗೆ 0.6 ಮಿಲಿಗ್ರಾಂ ಬಂದಿತ್ತು. ಲ್ಯಾಬಿನ ಹಾಳೆಯಲ್ಲಿ ಪಕ್ಕದಲ್ಲೇ 0.6ರಿಂದ 1.1 ಸಾಮಾನ್ಯ ಎಂದು ಅಚ್ಚಾಗಿತ್ತು. ಆ ಸಾಲು ದೊಡ್ಡವರದು. ಮಕ್ಕಳಿಗೆ ಮಾಂಸಖಂಡ ಕಡಿಮೆ, ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಮೇಡಂ ಹಾಳೆಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಸೆಂಟಿಮೀಟರಿನಲ್ಲಿ ಎತ್ತರವನ್ನು 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ಮಗಳ ಎತ್ತರ 152.

```
152 × 0.413 ÷ 0.6 = 105
152 × 0.413 ÷ 0.7 = 90
152 × 0.413 ÷ 1.0 = 63
```

ಬಂದ ಉತ್ತರವೇ ಕಿಡ್ನಿ ಸೋಸುವ ವೇಗ. 90ಕ್ಕಿಂತ ಮೇಲಿದ್ದರೆ ಸರಿ. ಕೊನೆಯ ಸಾಲು ನೋಡಿ. ಇದೇ ಹುಡುಗಿಗೆ ಕ್ರಿಯಾಟಿನಿನ್ 1.0 ಬಂದಿದ್ದರೂ ಲ್ಯಾಬಿನ ಹಾಳೆ ಸಾಮಾನ್ಯ ಎಂದೇ ಹೇಳುತ್ತಿತ್ತು, ಆದರೆ ಕಿಡ್ನಿಯ ಕೆಲಸ 63ಕ್ಕೆ ಇಳಿದಿರುತ್ತಿತ್ತು. ಮಕ್ಕಳ ರಿಪೋರ್ಟಿನಲ್ಲಿ ಕೆಂಪು ಗುರುತಿಲ್ಲ ಎಂದು ಹಾಳೆ ಮಡಚಿಡುವವರಿಗೆಲ್ಲ ಇದನ್ನು ಹೇಳಬೇಕು ಅನಿಸುತ್ತದೆ. ಪ್ರತಿ ತಪಾಸಣೆಯಲ್ಲೂ ಎತ್ತರ ಅಳೆಸಿ ಹಾಳೆಯ ಮೇಲೆ ಬರೆಸಿಕೊಳ್ಳಿ, ಅದಿಲ್ಲದೆ ಈ ಲೆಕ್ಕವಿಲ್ಲ. 0.6ಕ್ಕೂ 0.7ಕ್ಕೂ ಉತ್ತರದಲ್ಲಿ ಇಷ್ಟು ಅಂತರ ಬರುವುದರಿಂದ ವರ್ಷವೂ ಒಂದೇ ಲ್ಯಾಬಿನಲ್ಲಿ, ಸಾಧ್ಯವಾದರೆ ಎನ್‌ಜೈಮ್ಯಾಟಿಕ್ ಅನ್ನುವ ಹೆಚ್ಚು ನಿಖರವಾದ ವಿಧಾನದಲ್ಲಿ ಮಾಡಿಸುವುದು ಒಳ್ಳೆಯದು. ಹಿಂದಿನ ರಾತ್ರಿ ಮಟನ್ ಊಟ ಬೇಡ, ಬೇಯಿಸಿದ ಮಾಂಸ ತಿಂದರೂ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಒಂದು ವರ್ಷದ ಸಂಖ್ಯೆಗಿಂತ ನಾಲ್ಕಾರು ವರ್ಷದ ಸಂಖ್ಯೆಗಳು ಯಾವ ಕಡೆ ನಡೆದಿವೆ ಅನ್ನುವುದನ್ನೇ ಅವರು ನೋಡುವುದು.

ಇಷ್ಟಾದ ಮೇಲೆ ಕಬಡ್ಡಿ. ನನ್ನ ಅತ್ತೆಯವರದು ಒಂದೇ ಮಾತು, "ಇರೋದೊಂದು, ಅದನ್ನೂ ಒದೆಸ್ಕೊಳ್ಳೋಕೆ ಯಾಕೆ ಕಳಿಸ್ತೀಯಮ್ಮ?" ಅದೇ ಪ್ರಶ್ನೆಯನ್ನು ಮೇಡಂ ಮುಂದಿಟ್ಟೆ. ಅವರು ಮೊದಲು ಸ್ಕ್ಯಾನ್‌ನಲ್ಲಿ ಎರಡು ವಿಷಯ ನೋಡಿದರು. ಕಿಡ್ನಿ ತನ್ನ ಜಾಗದಲ್ಲೇ, ಪಕ್ಕೆಲುಬಿನ ಆಸರೆಯಲ್ಲಿ ಇದೆಯೇ? ಒಳಗೆ ಮೂತ್ರ ತುಂಬಿ ಊದಿಕೊಂಡಿದೆಯೇ? ಸೊಂಟದೊಳಗೆ ಇಳಿದ ಕಿಡ್ನಿಗೆ, ಊದಿದ ಕಿಡ್ನಿಗೆ ಚಿಕ್ಕ ಪೆಟ್ಟೂ ದೊಡ್ಡದಾಗುತ್ತದೆ, ಅಂಥ ಮಕ್ಕಳಿಗೆ ಮೈಗೆ ಮೈ ತಾಗುವ ಆಟ ಬೇಡ ಅನ್ನುತ್ತಾರೆ. ಇವಳಿಗೆ ಎರಡೂ ಇರಲಿಲ್ಲ.

"ಆಟದಲ್ಲಿ ಕಿಡ್ನಿಗೆ ಗಂಭೀರ ಪೆಟ್ಟಾಗುವುದು ತೀರಾ ಅಪರೂಪ," ಅಂದರು. "ತಲೆಗೆ ಪೆಟ್ಟಾಗುವುದು ಅದಕ್ಕಿಂತ ಎಷ್ಟೋ ಹೆಚ್ಚು. ಇರುವುದೊಂದೇ ತಲೆ ಎಂದು ಯಾರೂ ಆಟ ಬಿಡಿಸುವುದಿಲ್ಲ. ಅಮೆರಿಕದ ಮಕ್ಕಳ ಡಾಕ್ಟರ ಸಂಘವೂ ಒಂಟಿ ಕಿಡ್ನಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ ಆಡಲು ಬಿಡಬಹುದು ಎನ್ನುತ್ತದೆ. ಅಂದಹಾಗೆ ಇವಳು ಸ್ಕೂಲಿಗೆ ಹೇಗೆ ಹೋಗ್ತಾಳೆ?"

ಸೈಕಲ್ಲಿನಲ್ಲಿ. ಎಸ್ಟೇಟಿನ ಇಳಿಜಾರು, ಜಲ್ಲಿ ಎದ್ದ ರಸ್ತೆ. ಆಟದ ಸಲಕರಣೆಗಳಿಂದ ಕಿಡ್ನಿಗೆ ಆಗುವ ಪೆಟ್ಟುಗಳಲ್ಲಿ ಸೈಕಲ್ಲಿನ ಪಾಲೇ ದೊಡ್ಡದಂತೆ. ಬಿದ್ದಾಗ ಹ್ಯಾಂಡಲಿನ ತುದಿ ಹೊಟ್ಟೆಗೋ ಪಕ್ಕೆಗೋ ಚುಚ್ಚುತ್ತದೆ. ಕಬಡ್ಡಿಗೆ ಹೆದರಿದ ನಮ್ಮ ಮನೆಯಲ್ಲಿ ಸೈಕಲ್ಲಿಗೆ ಯಾರೂ ಹೆದರಿರಲಿಲ್ಲ. ಅವಳ ಹ್ಯಾಂಡಲಿನ ಒಂದು ಬದಿಯ ರಬ್ಬರ್ ಹಿಡಿ ಹರಿದು ಕಬ್ಬಿಣದ ಕೊಳವೆ ಬಾಯಿ ತೆರೆದಿತ್ತು. ಮಾರನೆಯ ದಿನವೇ ಎರಡೂ ಬದಿಗೆ ಹೊಸ ಹಿಡಿ ಹಾಕಿಸಿ, ಬ್ರೇಕ್ ಸರಿಮಾಡಿಸಿದೆವು.

ಕಬಡ್ಡಿಯಲ್ಲಿ ಅಪಾಯವೇ ಇಲ್ಲ ಎಂದು ಮೇಡಂ ಹೇಳಲಿಲ್ಲ. ರೈಡರ್ ಮೇಲೆ ನಾಲ್ಕೈದು ಜನ ಬಿದ್ದಾಗ ಯಾರದೋ ಮಂಡಿ ಪಕ್ಕೆಗೆ ಇಳಿಯಬಹುದು. ದೊಡ್ಡದಾಗಿ ಬೆಳೆದ ಒಂಟಿ ಕಿಡ್ನಿ ಪಕ್ಕೆಲುಬಿನ ಕೆಳಗೆ ಸ್ವಲ್ಪ ಚಾಚಿಕೊಂಡೂ ಇರುತ್ತದೆ. ಮೆತ್ತೆಯ ಒಳಅಂಗಿ ಹಾಕಿಸಬಹುದು, ಆದರೆ ಅದು ಕಾಪಾಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ, ಅದನ್ನೇ ನಂಬಿಕೊಳ್ಳಬೇಡಿ ಅಂದರು. ತೀರ್ಮಾನ ನಮಗೇ ಬಿಟ್ಟರು. ನಮ್ಮ ಯಜಮಾನರು ಖೋಖೋ ಆಡಲಿ ಎಂದರು, ಮಗಳು ಮುಖ ಊದಿಸಿಕೊಂಡಳು. ಕಾಣುವ ಲಾಭವನ್ನು ಅಪರೂಪದ ಅಪಾಯಕ್ಕೆ ಒತ್ತೆಯಿಡಬಾರದು ಎಂದು ನನಗನಿಸಿತು. ಒಂಟಿ ಕಿಡ್ನಿಗೆ ಬೊಜ್ಜೂ ಒಂದು ಭಾರವೇ, ಆಡುವ ಮೈ ಅದಕ್ಕೆ ಒಳ್ಳೆಯದು. ಕಬಡ್ಡಿಗೇ ಹೋಗಲಿ ಅಂದೆ.

ಪತ್ರವನ್ನು ಮೇಡಂ ಮೇಷ್ಟ್ರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲೇ ಬರೆದುಕೊಟ್ಟರು. ಹುಡುಗಿಗೆ ಬಲಗಡೆ ಒಂದೇ ಕಿಡ್ನಿ, ಆಡಬಹುದು. ಪಕ್ಕೆಗೆ ಅಥವಾ ಬೆನ್ನಿನ ಕೆಳಭಾಗಕ್ಕೆ ಜೋರು ಪೆಟ್ಟು ಬಿದ್ದರೆ ಆ ದಿನ ಆಟ ಸಾಕು. ಪಕ್ಕೆ ನೋವು ಏರುತ್ತಿದ್ದರೆ, ವಾಂತಿಯಾದರೆ, ಬಿಳಿಚಿಕೊಂಡರೆ, ಮೂತ್ರ ಕೆಂಪಾಗಿ ಅಥವಾ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬಂದರೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಬೇಕು, ಒಂದೇ ಕಿಡ್ನಿ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಮೂತ್ರದಲ್ಲಿ ರಕ್ತ ಕಾಣದಿದ್ದರೂ ಪೆಟ್ಟಾಗಿರಬಹುದು. ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡಬಾರದು.

ಕೊನೆಯ ಸಾಲಿನ ಬಗ್ಗೆ ಇನ್ನಷ್ಟು ಹೇಳಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಮೆಫೆನಾಮಿಕ್ ಆಸಿಡ್ ಇವೆಲ್ಲ ಒಂದೇ ಜಾತಿಯ ನೋವಿನ ಮಾತ್ರೆಗಳು, ಕಿಡ್ನಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ. ಬೆವರು ಸುರಿದು, ವಾಂತಿಭೇದಿಯಾಗಿ ಅಥವಾ ಜ್ವರಕ್ಕೆ ನೀರು ಸೇರದೆ ಮೈ ಒಣಗಿದ್ದಾಗ ತಿಂದರೆ ಕಿಡ್ನಿ ಒಮ್ಮೆಲೇ ಸೋಲಬಹುದು. ಹದಿಮೂರರ ಹುಡುಗಿಯ ಕೈಗೆ ಇವು ಬರುವುದು ಆಟದಿಂದಲ್ಲ, ಮುಟ್ಟಿನ ಹೊಟ್ಟೆನೋವಿನಿಂದ. ಗೆಳತಿಯ ಬ್ಯಾಗಿನಲ್ಲಿ, ಮೆಡಿಕಲ್ ಶಾಪಿನಲ್ಲಿ, ಮನೆಯ ಡಬ್ಬಿಯಲ್ಲಿ, ಎಲ್ಲ ಕಡೆ ಮೆಫೆನಾಮಿಕ್ ಇರುತ್ತದೆ. ನಮ್ಮವಳಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಚೀಲ ಸಾಕು ಅಂದರು. ಜ್ವರಕ್ಕೂ ಪ್ಯಾರಾಸಿಟಮಾಲ್ ಮಾತ್ರ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ ಇದ್ದೇ ಇರುತ್ತದೆ, ಅದು ಕಿಡ್ನಿಯನ್ನೇ ಹಿಡಿಯುವ ಜ್ವರ. ಹಾಗಾಗಿ ಮೈಕೈ ನೋವಿನ ಜ್ವರಕ್ಕೆ ಅಂಗಡಿಯ ಮಾತ್ರೆ ನುಂಗಿ ಕಾಯುವುದು ನಮ್ಮ ಮನೆಯಲ್ಲಿ ನಿಂತಿದೆ.

ಮುಟ್ಟಿನ ಮಾತು ಬಂದಾಗ ಮೇಡಂ ಹೇಳಿದ ಇನ್ನೊಂದು ವಿಷಯವನ್ನು ಹೆಣ್ಣುಮಕ್ಕಳ ತಾಯಂದಿರು ತಿಳಿದಿರಲೇಬೇಕು. ಗರ್ಭದಲ್ಲಿ ಕಿಡ್ನಿ ಮತ್ತು ಗರ್ಭಕೋಶ ಅಕ್ಕಪಕ್ಕದಲ್ಲೇ ರೂಪುಗೊಳ್ಳುತ್ತವೆ. ಒಂದು ಕಿಡ್ನಿ ಇಲ್ಲದೆ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಹಲವರಿಗೆ ಗರ್ಭಕೋಶದಲ್ಲೂ ವ್ಯತ್ಯಾಸವಿರುತ್ತದೆ. ಕೆಲವರಲ್ಲಿ ಎರಡು ಭಾಗವಾಗಿ, ಒಂದು ಭಾಗದ ದಾರಿ ಮುಚ್ಚಿರುತ್ತದೆ. ಇನ್ನೊಂದು ಭಾಗದಿಂದ ಮುಟ್ಟು ಸರಿಯಾಗಿಯೇ ಆಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಒಳಗೆ ಮಾತ್ರ ರಕ್ತ ನಿಲ್ಲುತ್ತ ಹೋಗಿ ತಿಂಗಳಿಂದ ತಿಂಗಳಿಗೆ ನೋವು ಏರುತ್ತದೆ. ಹೆಣ್ಣುಮಕ್ಕಳಿಗೆ ಇದ್ದದ್ದೇ ನೋವು ಎಂದು ಸುಮ್ಮನಿರಿಸಿದರೆ ಹಾನಿ. ಮಗಳು ಮೈನೆರೆದ ಮೇಲೆ ಗರ್ಭಕೋಶದ ಸ್ಕ್ಯಾನ್ ಕೂಡ ಆಯಿತು, ಸರಿಯಾಗಿದೆ. ಗಂಡುಮಕ್ಕಳಲ್ಲಿ ಅದೇ ಬದಿಯ ವೀರ್ಯನಾಳ ಇಲ್ಲದಿರಬಹುದು, ಅದನ್ನೂ ಡಾಕ್ಟರು ಒಮ್ಮೆ ಪರೀಕ್ಷಿಸಬೇಕಂತೆ.

ಊಟದ ವಿಷಯದಲ್ಲಿ ನಾನು ಕೇಳಲು ಹೋದದ್ದು ದೊಡ್ಡ ಪಟ್ಟಿ, ಬಂದ ಉತ್ತರ ಚಿಕ್ಕದು. ಕಿಡ್ನಿ ಸರಿಯಾಗಿ ಕೆಲಸ ಮಾಡುವವರೆಗೆ ಪಥ್ಯವಿಲ್ಲ. ಬೇಳೆ, ಮೊಟ್ಟೆ, ಹಾಲು, ಮಾಂಸ ಬಿಡಿಸಬೇಡಿ, ಬೆಳೆಯುವ ಮಗುವಿಗೆ ಪ್ರೋಟೀನ್ ಬೇಕು. ಬಾಳೆಹಣ್ಣು, ಎಳನೀರು ತಿನ್ನಬಹುದು, ಕುಡಿಯಬಹುದು. ಅವನ್ನು ಬಿಡಿಸುವುದು ಕಿಡ್ನಿ ಸೋತವರಿಗೆ. ತಂಡದ ದೊಡ್ಡ ಹುಡುಗಿಯರು ಕುಡಿಯುವ ಪ್ರೋಟೀನ್ ಪುಡಿ ಮಾತ್ರ ಬೇಡ, ಅಗತ್ಯ ಮೀರಿದ ಪ್ರೋಟೀನ್ ಕಿಡ್ನಿಯ ಸೋಸುವ ಕೆಲಸವನ್ನು ಇನ್ನೂ ಏರಿಸುತ್ತದೆ. ನೀರು ಬಾಯಾರಿದಷ್ಟು, ಆಟದ ದಿನ ಸ್ವಲ್ಪ ಹೆಚ್ಚು. ಲೀಟರ್ ಲೆಕ್ಕ ಹಾಕಿ ಕುಡಿಸಿದರೆ ಕಿಡ್ನಿಗೆ ಹೆಚ್ಚಿನ ಲಾಭವೇನಿಲ್ಲ.

ಬಿಗಿ ಮಾಡಬೇಕಾದದ್ದು ಉಪ್ಪು. ದಿನಕ್ಕೆ ಐದು ಗ್ರಾಂ ಒಳಗೆ, ಅಂದರೆ ಒಂದು ಸಮ ಟೀ ಚಮಚ, ಸಾರು ಪಲ್ಯ ತಿಂಡಿ ಎಲ್ಲ ಸೇರಿ. ಮಲೆನಾಡಿನ ಅಡುಗೆಮನೆಯಲ್ಲಿ ಇದು ಕಷ್ಟ. ಅಪ್ಪೆಮಿಡಿ, ಹಲಸಿನ ಹಪ್ಪಳ, ಸಂಡಿಗೆ, ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಮಳೆಗಾಲ ಕಳೆಯುವುದೇ ಇವುಗಳ ಮೇಲೆ. ಸಾರಿನ ಉಪ್ಪು ಕಡಿಮೆ ಮಾಡಿದರೆ ಮನೆಯವರೆಲ್ಲ ತಟ್ಟೆಗೆ ಇನ್ನಷ್ಟು ಉಪ್ಪಿನಕಾಯಿ ಹಾಕಿಕೊಂಡರು. ಹಾಗಾಗಿ ಸಾರಿನ ಉಪ್ಪು ಇದ್ದಂತೆಯೇ ಬಿಟ್ಟು, ಉಪ್ಪಿನಕಾಯಿ ಜಾಡಿಯನ್ನು ಊಟದ ಜಾಗದಿಂದ ಅಟ್ಟಕ್ಕೆ ಏರಿಸಿದೆ, ಹಪ್ಪಳ ಭಾನುವಾರಕ್ಕೆ ಮಾತ್ರ, ಪ್ಯಾಕೆಟ್ ಚಿಪ್ಸ್ ತರುವುದಿಲ್ಲ. ಇದು ಸಲೀಸಾಗಿ ನಡೆದಿದೆ. ಅತ್ತೆಯವರ ಬಾಳೆದಿಂಡಿನ ಪಲ್ಯಕ್ಕೆ ಮೇಡಂ ಧಾರಾಳವಾಗಿ ಒಪ್ಪಿದರು. ಬಿಂಬುಳಿ, ಧಾರೆಹುಳಿಯ ರಸ ಹಿಂಡಿ ಲೋಟಗಟ್ಟಲೆ ಕುಡಿಸುವ ಮನೆಮದ್ದಿಗೆ ಮಾತ್ರ ಕಡಾಖಂಡಿತ ಬೇಡ ಅಂದರು. ಅದರಲ್ಲಿರುವ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟಿ ಎರಡು ಕಿಡ್ನಿಯಿದ್ದವರನ್ನೂ ಡಯಾಲಿಸಿಸ್‌ಗೆ ಮಲಗಿಸಿದ್ದುಂಟಂತೆ.

ಹೊರಡುವಾಗ ಮಗಳೇ ಕೇಳಿದಳು, "ಮೇಡಂ, ಇದನ್ನೆಲ್ಲ ಎಷ್ಟು ವರ್ಷ ಮಾಡ್ಬೇಕು?"

"ಜೀವನಪೂರ್ತಿ, ವರ್ಷಕ್ಕೊಮ್ಮೆ. ಹದಿನೆಂಟಾದ್ಮೇಲೆ ದೊಡ್ಡವರ ಕಿಡ್ನಿ ಡಾಕ್ಟರ ಹತ್ರ ಹೋಗ್ತೀಯ. ಮುಂದೆ ಬಸುರಿಯಾದರೆ ಮೊದಲನೇ ತಿಂಗಳಲ್ಲೇ ಒಂದೇ ಕಿಡ್ನಿ ಅಂತ ಹೇಳ್ಬೇಕು ಪುಟ್ಟಿ, ಆಗ ಬಿಪಿ, ಮೂತ್ರ ಎರಡನ್ನೂ ಬೇರೆಯವರಿಗಿಂತ ಹೆಚ್ಚು ಸಲ ನೋಡ್ತಾರೆ."

ಈಗ ಮನೆಯಲ್ಲೊಂದು ಬಿಪಿ ಯಂತ್ರವಿದೆ, ಅವಳ ತೋಳಿಗೆ ಸರಿಹೊಂದುವ ಪಟ್ಟಿಯ ಜೊತೆ. ತಿಂಗಳಿಗೊಮ್ಮೆ ಬೆಳಗ್ಗೆ ತಿಂಡಿಗೆ ಮೊದಲು ಅಳೆದು ಫೈಲಿನ ಒಳಬದಿಯ ಹಾಳೆಯಲ್ಲಿ ಅವಳೇ ಬರೆಯುತ್ತಾಳೆ. ಮೇಲಿನ ಸಂಖ್ಯೆ 125 ದಾಟಿದ್ದು ಎರಡು ತಿಂಗಳು ಸತತ ಬಂದರೆ ವರ್ಷ ತುಂಬುವವರೆಗೆ ಕಾಯದೆ ಬರಬೇಕು ಎಂದು ಮೇಡಂ ಹೇಳಿದ್ದಾರೆ. ಫೈಲಿನ ಮೊದಲ ಪುಟದಲ್ಲಿ ಪಿಟಿ ಮೇಷ್ಟ್ರಿಗೆ ಕೊಟ್ಟ ಪತ್ರದ ನಕಲಿದೆ. ಇನ್ನೊಂದು ನಕಲು ಅವಳ ಆಟದ ಬ್ಯಾಗಿನಲ್ಲಿ.